ಬೈಗುಳವನ್ನು ರಿಪೋರ್ಟಿನಲ್ಲಿ ಬರೆಯುವುದು ಹೇಗೆ: ಆಸ್ಪತ್ರೆ ಗೇಟಿನ ಒಂದು ಉದಾಹರಣೆ

ಸೆಕ್ಯೂರಿಟಿ ಸೂಪರ್‌ವೈಸರ್ ತರಬೇತಿಯಲ್ಲಿ ನಮ್ಮ ಬ್ಯಾಚಿನ ಜಾಸ್ತಿ ಜನ ಎಡವಿದ್ದು ಇಲ್ಲೇ, ನಾನೂ ಎಡವಿದೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಬರೀತಿದ್ದೇನೆ.

ನಮಗೆ ಕೊಟ್ಟ ಘಟನೆ ಇದು. ರಾತ್ರಿ 11.40. ಆಸ್ಪತ್ರೆಯ ತುರ್ತು ವಿಭಾಗದ ಗೇಟು. ರೋಗಿಯ ಜೊತೆ ಒಬ್ಬರಿಗೆ ಮಾತ್ರ ಒಳಗೆ ಬಿಡುವ ನಿಯಮ. ಎರಡನೆಯವರನ್ನು ಗಾರ್ಡ್ ತಡೆದಾಗ ಅವರು ಅಂದಿದ್ದು: "ಲೇ ಬೋಳಿಮಗನೇ, ಬಿಡ್ತೀಯೋ ಇಲ್ವೋ? ಡ್ಯೂಟಿ ಮುಗಿಸಿ ಆಚೆ ಬಾ, ಕೈಕಾಲು ಮುರೀತೀನಿ."

ನಾವೆಲ್ಲ ಬರೆದಿದ್ದು: "ರೋಗಿಯ ಕಡೆಯವರು ಗಾರ್ಡನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿದರು." ಓದೋಕೆ ಮರ್ಯಾದೆಯಾಗಿದೆ, ಅಲ್ವಾ? ಆದರೆ ಇದರಲ್ಲಿ ಕೈಕಾಲು ಮುರಿಯುವ ಮಾತು ಎಲ್ಲಿ ಹೋಯ್ತು? ಬೈಗುಳ ಬರೆಯೋಕೆ ಮುಜುಗರಪಟ್ಟು ಅದರ ಹಿಂದೆಯೇ ಬಂದ ಬೆದರಿಕೆಯನ್ನೂ ಅಳಿಸಿಬಿಟ್ಟಿದ್ದೆವು. ಮಾರನೇ ದಿನ ಆ ಗಾರ್ಡ್‌ಗೆ ಒಬ್ಬನೇ ಮನೆಗೆ ಹೋಗು ಅನ್ನಬೇಕಾ, ಜೊತೆಗೆ ಯಾರನ್ನಾದರೂ ಕಳಿಸಬೇಕಾ ಅಂತ ತೀರ್ಮಾನಿಸುವವರಿಗೆ ಬೇಕಾಗಿದ್ದು ಆ ಒಂದು ಮಾತು.

ಕಾನೂನಿನಲ್ಲೂ ಎರಡೂ ಬೇರೆ ಬೇರೆ. ಶಾಂತಿ ಕದಡುವ ಹಾಗೆ ಕೆರಳಿಸೋಕೆ ಬೇಕಂತಲೇ ಅವಮಾನ ಮಾಡೋದು ಭಾರತೀಯ ನ್ಯಾಯ ಸಂಹಿತೆಯ 352ನೇ ಕಲಂ, ಬೆದರಿಕೆ ಹಾಕೋದು 351. 2024ರ ಜುಲೈ 1ಕ್ಕೆ ಮುಂಚೆ ಇವು ಐಪಿಸಿ 504 ಮತ್ತು 506 ಆಗಿದ್ದವು. ದೂರಿನಲ್ಲಿ ಆಡಿದ ಮಾತು ಹಾಗೇ ಇರಲೇಬೇಕೆಂದಿಲ್ಲ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಫಿಯೋನಾ ಶ್ರೀಖಂಡೆ ಪ್ರಕರಣದಲ್ಲಿ ಹೇಳಿತ್ತು. ಆದರೆ 2023ರಲ್ಲಿ ಮೊಹಮ್ಮದ್ ವಾಜಿದ್ ಪ್ರಕರಣದಲ್ಲಿ, ಬೈದಿದ್ದೇ ಅವಮಾನ ಅನ್ನುವುದಾದರೆ ಆ ಮಾತುಗಳು ಏನು ಅಂತ ಗೊತ್ತಿಲ್ಲದೆ ತೀರ್ಮಾನಿಸೋಕೆ ಆಗಲ್ಲ ಅಂದಿತು. ಹಾಗಾಗಿ ಬರೆದಿಡುವುದೇ ಕ್ಷೇಮ.

ನಮ್ಮ ಮೇಡಂ ತಿದ್ದಿ ಬರೆಸಿದ್ದು ಹೀಗೆ: "ರಾತ್ರಿ 11.40ಕ್ಕೆ, ಸುಮಾರು 40 ವರ್ಷದ, ನೀಲಿ ಅಂಗಿಯ ಗಂಡಸೊಬ್ಬರು ಗೇಟ್ ಬಳಿ ಬಂದರು. ಒಬ್ಬರಿಗೆ ಮಾತ್ರ ಪ್ರವೇಶ ಎಂದು ನಾನು ಹೇಳಿದೆ. ಅವರು ನನಗೆ 'ಲೇ ಬೋಳಿಮಗನೇ, ಬಿಡ್ತೀಯೋ ಇಲ್ವೋ? ಡ್ಯೂಟಿ ಮುಗಿಸಿ ಆಚೆ ಬಾ, ಕೈಕಾಲು ಮುರೀತೀನಿ' ಎಂದರು. ಆಗ ಅವರು ನನ್ನಿಂದ ಎರಡು ಅಡಿ ದೂರದಲ್ಲಿದ್ದರು. ಪಕ್ಕದ ಕೌಂಟರಿನಲ್ಲಿದ್ದ ನರ್ಸ್ ಇದನ್ನು ಕೇಳಿಸಿಕೊಂಡರು."

ಇದರಲ್ಲಿ ಗಮನಿಸಿ. ಕೊಳಕು ಮಾತೆಲ್ಲ ಉದ್ಧರಣ ಚಿಹ್ನೆಯ ಒಳಗಿದೆ, ಹೊರಗಿರುವುದೆಲ್ಲ ಸಾದಾ ಮಾತು. ಬೈದವರಿಗೂ "ಅವರು", "ಎಂದರು". ಇದು ಕನ್ನಡದಲ್ಲಿ ತುಂಬಾ ಮುಖ್ಯ, ಯಾಕಂದ್ರೆ ಸಿಟ್ಟಿನಲ್ಲಿ ಬರೆಯುವಾಗ "ಅವನು ಬೊಗಳಿದ", "ಅರಚಾಡಿದ" ಅಂತ ಕೈ ತಾನಾಗೇ ಬರೆದುಬಿಡುತ್ತದೆ. ಆಗ ಓದುವವರಿಗೆ ಜಗಳ ಎರಡೂ ಕಡೆಯಿಂದ ಆಗಿದೆ ಅಂತ ಅನ್ನಿಸುತ್ತದೆ. "ಲೇ", "ಬಿಡ್ತೀಯೋ" ಅನ್ನುವುದನ್ನು ಮಾತ್ರ ಹಾಗೇ ಬಿಡಿ. "ಬಿಡುತ್ತೀರೋ" ಅಂತ ತಿದ್ದಿದರೆ ಏಕವಚನದ ಅವಮಾನವೇ ಮಾಯ. "ಕುಡಿದಿದ್ದರು" ಅಂತಲೂ ಬೇಡ. ಬಾಯಿಂದ ಮದ್ಯದ ವಾಸನೆ ಬಂದಿದ್ದರೆ, ನಿಂತಲ್ಲಿ ಓಲಾಡುತ್ತಿದ್ದರೆ, ಅಷ್ಟನ್ನೇ ಬರೆಯಿರಿ.

ಗಾರ್ಡ್ ತಿರುಗಿ ಬೈದಿದ್ದರೆ? ಅದನ್ನೂ ಹಾಗೇ ಬರೆಯಬೇಕು. ಇದು ಕಷ್ಟ ಅಂತ ಗೊತ್ತು. ಸಿಸಿಟಿವಿಯಲ್ಲಿ ಧ್ವನಿ ಇಲ್ಲದಿರಬಹುದು, ಆದರೆ ಕೌಂಟರಿನ ನರ್ಸ್‌ಗೆ ಕಿವಿ ಇದೆ. ಅವರು ಬೇರೆ ಕಥೆ ಹೇಳಿದರೆ ನಮ್ಮ ರಿಪೋರ್ಟಿನ ಉಳಿದ ಸತ್ಯವನ್ನೂ ಯಾರೂ ನಂಬಲ್ಲ.

ಜಾತಿ ಹೆಸರು ಹಿಡಿದು ಬೈದಾಗ ಇನ್ನೂ ಹುಷಾರಾಗಿರಬೇಕು. "ಜಾತಿ ನಿಂದನೆ ಮಾಡಿದರು" ಅನ್ನುವುದು ನಮ್ಮ ತೀರ್ಮಾನ, ಆಡಿದ ಮಾತಲ್ಲ. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 3(1)(ಎಸ್) ಪ್ರಕಾರ, ಸಾರ್ವಜನಿಕರ ಕಣ್ಣಿಗೆ ಬೀಳುವಂಥ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈದಿರಬೇಕು. ಆದ್ದರಿಂದ ಆಡಿದ ಪದ, ನಿಂತಿದ್ದ ಜಾಗ, ಸುತ್ತ ಇದ್ದವರು ಮೂರೂ ಬೇಕು. ಅಲ್ಲಿ ಚುಕ್ಕಿ ಹಾಕಿ ಪದ ಮುಚ್ಚಬೇಡಿ.

ಬೈಗುಳ ತಮಿಳಿನಲ್ಲೋ ಹಿಂದಿಯಲ್ಲೋ ಇದ್ದರೆ ಕೇಳಿಸಿದ ಹಾಗೆ ಕನ್ನಡ ಅಕ್ಷರದಲ್ಲಿ ಬರೆದು, ಯಾವ ಭಾಷೆ ಅಂತ ಸೇರಿಸಿ. ಅರ್ಧ ಮಾತ್ರ ಕೇಳಿಸಿದ್ದರೆ "ಮುಂದಿನ ಮಾತು ಕೇಳಿಸಲಿಲ್ಲ" ಅನ್ನಿ, ಊಹಿಸಿ ತುಂಬಬೇಡಿ. ಬೇರೆಯವರು ಹೇಳಿದ್ದಾದರೆ ಯಾರು ಹೇಳಿದರು ಅಂತ ಬರೆಯಿರಿ.

ಪೂರ್ತಿ ಮಾತು ಇರಬೇಕಾದ್ದು ರಿಜಿಸ್ಟರ್ ಮತ್ತು ಮುಖ್ಯ ರಿಪೋರ್ಟಿನಲ್ಲಿ ಮಾತ್ರ. ಶಿಫ್ಟ್ ವಾಟ್ಸಾಪ್ ಗ್ರೂಪಿಗೆ "11.40, ತುರ್ತು ವಿಭಾಗದ ಗೇಟ್, ಗಾರ್ಡ್‌ಗೆ ಬೈಗುಳ ಮತ್ತು ಕೈಕಾಲು ಮುರಿಯುವ ಬೆದರಿಕೆ, ವಿವರ ರಿಜಿಸ್ಟರ್‌ನಲ್ಲಿ" ಅಂತ ಹಾಕಿದರೆ ಸಾಕು. ಬೈಸಿಕೊಂಡವರು ಆ ಗ್ರೂಪಿನಲ್ಲೇ ಇರುತ್ತಾರೆ, ಅದೇ ಮಾತನ್ನು ಅವರು ಐವತ್ತು ಜನರ ಮುಂದೆ ಮತ್ತೆ ಓದಬೇಕಾಗಿಲ್ಲ.