ತೀರಿಕೊಂಡ ತಂದೆಯ ಹೆಸರಿಗೆ ಬಂದ ನೋಟಿಸು

ತೀರಿಕೊಂಡ ತಂದೆಯ ಹೆಸರಿಗೆ ಬಂದ ಆದಾಯ ತೆರಿಗೆ ನೋಟಿಸನ್ನು ಹಿಡಿದು ಬರುವ ಮಕ್ಕಳನ್ನು ನಾನು ಮೊದಲು ಕೇಳುವುದು ಎರಡು ತಾರೀಖುಗಳನ್ನು: ತಂದೆ ತೀರಿಕೊಂಡದ್ದು ಯಾವಾಗ, ನೋಟಿಸು ಹೊರಟದ್ದು ಯಾವಾಗ. 1961ರ ಆದಾಯ ತೆರಿಗೆ ಕಾಯ್ದೆಯ 159ನೇ ಕಲಮಿನ ಪ್ರಕಾರ, ತಂದೆ ಬದುಕಿದ್ದಾಗಲೇ ಆರಂಭವಾದ ನಡವಳಿಯನ್ನು ಅದು ನಿಂತ ಹಂತದಿಂದಲೇ ವಾರಸುದಾರರ ಮೇಲೆ ಮುಂದುವರಿಸಬಹುದು. ಅವರು ತೀರಿಕೊಂಡ ಮೇಲೆ ಹೊಸದಾಗಿ ಆರಂಭಿಸುವುದಾದರೆ ನೋಟಿಸು ವಾರಸುದಾರರ ಹೆಸರಿಗೇ ಬರಬೇಕು. ಮೃತರ ಹೆಸರಿನಲ್ಲಿ ಹೊರಡಿಸಿದ ಮರುನಿರ್ಧರಣೆಯ, ಎಂದರೆ ಹಳೆಯ ವರ್ಷದ ತೆರಿಗೆಯನ್ನು ಮತ್ತೆ ಲೆಕ್ಕ ಹಾಕುವ, ನೋಟಿಸುಗಳನ್ನು ಮದ್ರಾಸ್, ಗುಜರಾತ್ ಮತ್ತು ದೆಹಲಿ ಹೈಕೋರ್ಟುಗಳು ರದ್ದುಪಡಿಸಿವೆ.

ಒಂದು ಉದಾಹರಣೆ ನೋಡೋಣ. ತಂದೆ 2023ರ ಆಗಸ್ಟಿನಲ್ಲಿ ತೀರಿಕೊಂಡರು. 2021-22ನೇ ನಿರ್ಧರಣಾ ವರ್ಷಕ್ಕೆ ಸಂಬಂಧಿಸಿ, ಬ್ಯಾಂಕಿನಲ್ಲಿಟ್ಟ 18 ಲಕ್ಷ ರೂಪಾಯಿಯ ಮೂಲವನ್ನು ಕೇಳಿ 2025ರ ಮಾರ್ಚಿನಲ್ಲಿ ಅವರ ಹೆಸರಿಗೇ, ಮರುನಿರ್ಧರಣೆಗೆ ಮುನ್ನ ವಿವರಣೆ ಕೇಳುವ 148ಎ ನೋಟಿಸು ಬಂತು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಮಗ ತಂದೆಯ ಪಾಸ್‌ವರ್ಡಿನಿಂದ ಆದಾಯ ತೆರಿಗೆ ಇಲಾಖೆಯ ಪೋರ್ಟಲ್ ತೆರೆದು, ತಂದೆಯೇ ಬರೆದಂತೆ ಉತ್ತರ ಕಳಿಸುವುದು. ಆಗ ತಂದೆ ಬದುಕಿದ್ದಾರೆಂಬ ದಾಖಲೆಯನ್ನು ಅವನೇ ಸೃಷ್ಟಿಸಿದಂತಾಗುತ್ತದೆ.

ಸರಿಯಾದ ದಾರಿಯೆಂದರೆ ಮಗ ತನ್ನದೇ ಖಾತೆಯಿಂದ ಪೋರ್ಟಲ್ಲಿನಲ್ಲಿ ಕಾನೂನುಬದ್ಧ ವಾರಸುದಾರನೆಂದು ನೋಂದಣಿಗೆ ಅರ್ಜಿ ಹಾಕುವುದು. ಮರಣ ಪ್ರಮಾಣಪತ್ರ, ಇಬ್ಬರ ಪ್ಯಾನ್ ಕಾರ್ಡ್ ಮತ್ತು ವಾರಸುದಾರಿಕೆಯ ದಾಖಲೆ ಇದಕ್ಕೆ ಬೇಕು. ಕಂದಾಯ ಇಲಾಖೆ ಕೊಡುವ, ಬದುಕಿರುವ ಕುಟುಂಬ ಸದಸ್ಯರ ಪ್ರಮಾಣಪತ್ರ ಸಾಮಾನ್ಯವಾಗಿ ಸಾಕಾಗುತ್ತದೆ. ನೋಂದಣಿಗೆ ಒಪ್ಪಿಗೆ ಸಿಗುವಷ್ಟರಲ್ಲಿ ನೋಟಿಸಿನ ಗಡುವು ಮುಗಿಯುವಂತಿದ್ದರೆ ಅದೇ ಉತ್ತರವನ್ನು ಮರಣ ಪ್ರಮಾಣಪತ್ರದೊಂದಿಗೆ ಅಧಿಕಾರಿಯ ಇಮೇಲಿಗೂ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ, ರಸೀದಿಯನ್ನು ಜೋಪಾನ ಮಾಡಬೇಕು. ಸುಮ್ಮನಿದ್ದರೆ ಏಕಪಕ್ಷೀಯ ಆದೇಶವಾಗಿ, ಅದನ್ನು ಪ್ರಶ್ನಿಸುವ ಖರ್ಚು ಮನೆಯವರ ತಲೆಗೇ ಬರುತ್ತದೆ.

ಉತ್ತರದ ಮೊದಲ ಪ್ಯಾರಾ ಹೀಗಿರಲಿ: “ಮೇಲ್ಕಂಡ ನೋಟಿಸು ನನ್ನ ದಿವಂಗತ ತಂದೆಯವರ ಹೆಸರಿನಲ್ಲಿದೆ. ಅವರು ನೋಟಿಸಿನ ದಿನಾಂಕಕ್ಕೂ ಮುನ್ನವೇ ನಿಧನರಾಗಿರುವುದರಿಂದ ಇದು ಊರ್ಜಿತವಲ್ಲವೆಂದು ಆಕ್ಷೇಪಿಸುತ್ತೇನೆ. ಈ ಆಕ್ಷೇಪಣೆಗೆ ಬಾಧೆ ಬಾರದಂತೆ ಮುಂದಿನ ವಿವರಣೆ ಸಲ್ಲಿಸುತ್ತಿದ್ದೇನೆ.” ಕೊನೆಯ ವಾಕ್ಯವನ್ನು ಬಿಡಬಾರದು, ಏಕೆಂದರೆ ವಾರಸುದಾರ ಆಕ್ಷೇಪವಿಲ್ಲದೆ ನಡವಳಿಯಲ್ಲಿ ಭಾಗವಹಿಸಿದರೆ, ನೋಟಿಸಿನ ದೋಷವನ್ನು ಅವನೇ ಮನ್ನಿಸಿದನೆಂದು ಇಲಾಖೆ ವಾದಿಸಲು ಅವಕಾಶವಾಗುತ್ತದೆ. ಪತ್ರದಲ್ಲಿ ತಂದೆಯ ಪ್ಯಾನ್, ನಿರ್ಧರಣಾ ವರ್ಷ, ನೋಟಿಸಿನ ಮೇಲಿರುವ ಡಿನ್ ಎಂಬ ಗುರುತಿನ ಸಂಖ್ಯೆ ಮತ್ತು ಎಲ್ಲ ವಾರಸುದಾರರ ಹೆಸರುಗಳಿರಬೇಕು. ಸಹಿ “ದಿವಂಗತರ ಕಾನೂನುಬದ್ಧ ವಾರಸುದಾರ” ಎಂದೇ ಆಗಬೇಕು.

ಆಕ್ಷೇಪಣೆ ಗೆದ್ದರೂ, ಕಾಲಮಿತಿ ಮುಗಿದಿರದಿದ್ದರೆ ವಾರಸುದಾರರ ಹೆಸರಿಗೆ ಹೊಸ ನೋಟಿಸು ಬರಬಹುದು. ಆದ್ದರಿಂದ ಆ 18 ಲಕ್ಷ ಹಳೆಯ ಠೇವಣಿಯಿಂದ ಬಂದಿದ್ದೋ ನಿವೇಶನ ಮಾರಿದ್ದೋ ಎಂಬುದಕ್ಕೆ ಬ್ಯಾಂಕಿನ ಲೆಕ್ಕಪಟ್ಟಿಯನ್ನು ಈಗಲೇ ತೆಗೆಸಿಡುವುದು ಒಳ್ಳೆಯದು.

ತೆರಿಗೆ ಖಾಯಂ ಆದರೂ ವಾರಸುದಾರನ ಹೊಣೆ ತಂದೆ ಬಿಟ್ಟುಹೋದ ಆಸ್ತಿಯ ಮಟ್ಟಕ್ಕಷ್ಟೇ. ಬೇಡಿಕೆ 6 ಲಕ್ಷವಿದ್ದು ಉಳಿದ ಆಸ್ತಿ 4 ಲಕ್ಷದ್ದಾದರೆ ಅವನ ಸ್ವಂತ ಸಂಬಳಕ್ಕೆ ಕೈಹಾಕುವಂತಿಲ್ಲ. ಆದರೆ ತೆರಿಗೆ ಬಾಕಿ ಇರುವಾಗಲೇ ಆ ಆಸ್ತಿಯನ್ನು ಮಾರಿದರೆ ಅಥವಾ ಅಡವಿಟ್ಟರೆ, ಅಷ್ಟು ಮೌಲ್ಯಕ್ಕೆ ಅವನೇ ವೈಯಕ್ತಿಕವಾಗಿ ಹೊಣೆಗಾರನಾಗುತ್ತಾನೆ.