ಮೊದಲ ಗಂಟೆಯ ಸಕ್ಕರೆ: ಕೈಬಿಟ್ಟು ಮತ್ತೆ ಕೈಗೆತ್ತಿಕೊಂಡ ಅಳತೆ

ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು 2024ರಲ್ಲಿ ತನ್ನ ನಿಲುವನ್ನು ಪ್ರಕಟಿಸಿ, 75 ಗ್ರಾಂ ಗ್ಲೂಕೋಸ್ ಕುಡಿದು ಒಂದು ಗಂಟೆಯಾದಾಗ ರಕ್ತದ ಸಕ್ಕರೆ ಡೆಸಿಲೀಟರಿಗೆ 155 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಮಧುಮೇಹದ ಹಿಂದಿನ ಹಂತವೆಂದೂ, 209 ಅಥವಾ ಅದಕ್ಕಿಂತ ಹೆಚ್ಚಿದ್ದು ಮರುಪರೀಕ್ಷೆಯಲ್ಲೂ ಹಾಗೆಯೇ ಬಂದರೆ ಮಧುಮೇಹವೆಂದೂ ಪರಿಗಣಿಸಬೇಕೆಂದು ಹೇಳಿತು. ಇದನ್ನು ಹೊಸ ಪರೀಕ್ಷೆ ಎಂದುಕೊಂಡವರು ಹಲವರು. ಆದರೆ ಗ್ಲೂಕೋಸ್ ಕುಡಿಸಿ ನಡುನಡುವೆ ರಕ್ತ ತೆಗೆದು ನೋಡುವ ಪದ್ಧತಿ ಹಳೆಯದು. ಒಂದು ಗಂಟೆಯ ಅಂಕಿಯನ್ನು ವೈದ್ಯರು ಒಂದು ಕಾಲದಲ್ಲಿ ನೋಡುತ್ತಿದ್ದರು, ಆಮೇಲೆ ಬಿಟ್ಟರು.

ಅಮೆರಿಕದ ರಾಷ್ಟ್ರೀಯ ಮಧುಮೇಹ ದತ್ತಾಂಶ ತಂಡವು 1979ರಲ್ಲಿ ರೂಪಿಸಿದ ಮಾನದಂಡದಲ್ಲಿ, ಎರಡು ಗಂಟೆಯ ಸಕ್ಕರೆ 200 ಮುಟ್ಟಿದ್ದರೆ ಮಾತ್ರ ಸಾಲದು, ಅದಕ್ಕೂ ಮೊದಲು ತೆಗೆದ ಒಂದು ಮಾದರಿಯಲ್ಲಿಯೂ 200 ಕಾಣಬೇಕೆಂಬ ನಿಯಮವಿತ್ತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ನಡುವಿನ ಮಾದರಿಯನ್ನು ಕೈಬಿಟ್ಟು, ಎರಡು ಗಂಟೆಯದನ್ನಷ್ಟೇ ಉಳಿಸಿಕೊಂಡಿತು. ಅದಕ್ಕೆ ಆಧಾರವಿರಲಿಲ್ಲವೆಂದಲ್ಲ: ಅರಿಜೋನಾದ ಪಿಮಾ ಬುಡಕಟ್ಟಿನ ಜನರಲ್ಲಿ ಎರಡು ಗಂಟೆಯ ಅಂಕಿಗಳು ಆರೋಗ್ಯವಂತರದೊಂದು, ರೋಗಿಗಳದೊಂದು ಎಂಬಂತೆ ಎರಡು ಗುಂಪುಗಳಾಗಿ ಬೇರ್ಪಟ್ಟಿದ್ದವು, ಮತ್ತು ಕಣ್ಣಿನ ಅಕ್ಷಿಪಟಲದ ಹಾನಿ ಮೇಲಿನ ಗುಂಪಿನಲ್ಲಿಯೇ ಹೆಚ್ಚಾಗಿ ಕಾಣುತ್ತಿತ್ತು. 1997ರಲ್ಲಿ ಅಮೆರಿಕದ ಮಧುಮೇಹ ಸಂಘವು ಖಾಲಿ ಹೊಟ್ಟೆಯ ಗಡಿಯನ್ನು 140ರಿಂದ 126ಕ್ಕೆ ಇಳಿಸಿ, ದಿನನಿತ್ಯದ ತಪಾಸಣೆಗೆ ಅದೇ ಅನುಕೂಲವೆಂದಿತು. 2010ರಲ್ಲಿ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರುವ, ಉಪವಾಸವನ್ನೂ ಬೇಡದ ಎಚ್‌ಬಿಎ1ಸಿ ರಕ್ತಪರೀಕ್ಷೆಯನ್ನು ರೋಗನಿರ್ಣಯಕ್ಕೆ ಒಪ್ಪಿಕೊಂಡಿತು. ಒಂದೊಂದು ಹೆಜ್ಜೆಯೂ ಪರೀಕ್ಷೆಯನ್ನು ಸುಲಭವಾಗಿಸಿತು. ಆದರೆ ತೊಂದರೆ ಮೊದಲು ತಲೆಯೆತ್ತುವ ಹೊತ್ತಿನಿಂದ ನಮ್ಮ ಕಣ್ಣನ್ನು ದೂರವೂ ಮಾಡಿತು ಎಂಬುದು ನನ್ನ ಅಭಿಪ್ರಾಯ.

ಖಾಲಿ ಹೊಟ್ಟೆಯ ಅಂಕಿ ಕೊನೆಗೆ ಏರುವುದೇಕೆ? ರಾತ್ರಿಯಿಡೀ ಯಕೃತ್ತು ಅಷ್ಟಿಷ್ಟು ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತಿರುತ್ತದೆ, ಅದನ್ನು ಹತೋಟಿಯಲ್ಲಿಡಲು ಸ್ವಲ್ಪವೇ ಇನ್ಸುಲಿನ್ ಸಾಕು. ದಣಿದ ಮೇದೋಜ್ಜೀರಕ ಗ್ರಂಥಿಯೂ ಇಷ್ಟು ಕೆಲಸವನ್ನು ವರ್ಷಗಟ್ಟಲೆ ತೂಗಿಸಿಕೊಂಡು ಹೋಗುತ್ತದೆ. ಅದರ ನಿಜವಾದ ಪರೀಕ್ಷೆ ಒಮ್ಮೆಲೇ ಸಕ್ಕರೆ ಬಂದು ಬಿದ್ದಾಗ. ಆರೋಗ್ಯವಂತರಲ್ಲಿ ಗ್ರಂಥಿಯು ದಾಸ್ತಾನಿನಲ್ಲಿದ್ದ ಇನ್ಸುಲಿನ್ನನ್ನು ಬೇಗನೆ ಹೊರಬಿಡುತ್ತದೆ, ಯಕೃತ್ತು ತನ್ನ ಬಿಡುಗಡೆಯನ್ನು ನಿಲ್ಲಿಸುತ್ತದೆ. ಈ ಮೊದಲ ಬಿಡುಗಡೆ ಸೊರಗಿದಾಗ ಯಕೃತ್ತು ಸುಮ್ಮನಾಗುವುದು ತಡವಾಗುತ್ತದೆ, ಕುಡಿದ ಸಕ್ಕರೆಯೂ ಯಕೃತ್ತಿನ ಸಕ್ಕರೆಯೂ ಸೇರಿ ಒಂದು ಗಂಟೆಯ ಹೊತ್ತಿಗೆ ಅಂಕಿ ಎತ್ತರಕ್ಕೆ ಹೋಗುತ್ತದೆ. ಅನಂತರ ತಡವಾಗಿ, ಆದರೆ ಹೆಚ್ಚು ಪ್ರಮಾಣದಲ್ಲಿ ಬರುವ ಇನ್ಸುಲಿನ್ ಅದನ್ನು ಎಳೆದು ತರುವುದರಿಂದ ಎರಡು ಗಂಟೆಯ ಹೊತ್ತಿಗೆ ಎಲ್ಲವೂ ಸರಿಯಿದ್ದಂತೆಯೇ ತೋರುತ್ತದೆ.

ಬ್ರಿಟನ್ನಿನ ಸರ್ಕಾರಿ ನೌಕರರನ್ನು ವರ್ಷಾನುಗಟ್ಟಲೆ ಅನುಸರಿಸಿದ ವೈಟ್‌ಹಾಲ್ ಅಧ್ಯಯನದ 2009ರ ವರದಿ ಇದನ್ನೇ ಇನ್ನೊಂದು ದಿಕ್ಕಿನಿಂದ ತೋರಿಸಿತು. ಮುಂದೆ ಮಧುಮೇಹ ಬಂದವರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಬಹುಕಾಲ ನಿಧಾನವಾಗಿ ಸರಿದು, ರೋಗ ಪತ್ತೆಯಾಗುವ ಮುಂಚಿನ ಮೂರು ವರ್ಷಗಳಲ್ಲಷ್ಟೇ ಕಡಿದಾಗಿ ಏರಿತ್ತು. ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ಗುಣ ಅದಕ್ಕೂ ಮೊದಲೇ ಕುಸಿಯತೊಡಗಿತ್ತು.

155 ಎಂಬ ಗಡಿ ಮುಂದೆ ಬಂದದ್ದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ ನಗರದ ಹೃದಯ ಅಧ್ಯಯನದಿಂದ. ಮಧುಮೇಹವಿಲ್ಲದ ಜನರನ್ನು ಏಳೆಂಟು ವರ್ಷ ಗಮನಿಸಿದ ದತ್ತಾಂಶವನ್ನು ಅಬ್ದುಲ್-ಘನಿ, ಡಿಫ್ರಾಂಜೊ ಮತ್ತು ಸಂಗಡಿಗರು 2008ರಲ್ಲಿ ವಿಶ್ಲೇಷಿಸಿದಾಗ, ಮುಂದೆ ಯಾರಿಗೆ ಕಾಯಿಲೆ ಬರುತ್ತದೆಂಬುದನ್ನು ಎರಡು ಗಂಟೆಯ ಅಂಕಿಗಿಂತ ಒಂದು ಗಂಟೆಯ ಅಂಕಿಯೇ ಚೆನ್ನಾಗಿ ಹೇಳಿತು. ಫಿನ್ಲೆಂಡಿನ ಬೋಟ್ನಿಯಾ, ಸ್ವೀಡನ್ನಿನ ಮಾಲ್ಮೋ ಅಧ್ಯಯನಗಳೂ ಅದೇ ದಿಕ್ಕನ್ನು ತೋರಿದವು. ನಮಗೆ ಹತ್ತಿರದ ಚೆನ್ನೈನಲ್ಲಿ ಡಾ. ವಿ. ಮೋಹನ್ ಅವರ ತಂಡವು 2013ರಲ್ಲಿ, ಭಾರತೀಯರಲ್ಲಿಯೂ ಈ ಅಂಕಿ ಮುಂದಿನ ಅಪಾಯವನ್ನು ಸೂಚಿಸುತ್ತದೆಂದು ವರದಿ ಮಾಡಿತು.

ಕಲ್ಪಿತ ಉದಾಹರಣೆಯೊಂದನ್ನು ನೋಡೋಣ. ತಂದೆಗೆ ಮಧುಮೇಹವಿರುವ, ಸೊಂಟದ ಸುತ್ತಳತೆ ಹೆಚ್ಚಿರುವ 38 ವರ್ಷದ ಒಬ್ಬರ ಫಾಸ್ಟಿಂಗ್ 94, ಎಚ್‌ಬಿಎ1ಸಿ ಶೇ 5.5. ಇಲ್ಲಿಗೆ ನಿಲ್ಲಿಸಿದರೆ ‘ಶುಗರ್ ನಾರ್ಮಲ್’ ಎಂದು ಕಾಗದ ಮಡಚಿ ಮನೆಗೆ ಹೋಗುತ್ತಾರೆ. ಗ್ಲೂಕೋಸ್ ಕುಡಿದ ಮೇಲೆ ಒಂದು ಗಂಟೆಗೆ 188, ಎರಡು ಗಂಟೆಗೆ 128 ಬಂತೆನ್ನಿ. ಎರಡು ಗಂಟೆಯ ಅಂಕಿಯಲ್ಲಿ ಮಧುಮೇಹದ ಹಿಂದಿನ ಹಂತ ಶುರುವಾಗುವ ಗಡಿ 140 ಆದ್ದರಿಂದ ಹಳೆಯ ಮಾನದಂಡದ ಎಲ್ಲ ಸಾಲುಗಳಲ್ಲೂ ಇವರು ಆರೋಗ್ಯವಂತರೇ. ಆದರೆ 94ರಿಂದ 188ಕ್ಕೆ ಏರಿದ ಆ ಜಿಗಿತ, ಮೊದಲ ಬಿಡುಗಡೆ ಕುಗ್ಗಿದೆ ಎಂದು ಹೇಳುತ್ತಿದೆ. 209ಕ್ಕಿಂತ ಕೆಳಗಿರುವುದರಿಂದ ಇದು ಮಧುಮೇಹವಲ್ಲ, ಅದರ ಹಿಂದಿನ ಹಂತ.

ಈ ಮಾತನ್ನು ನಂಬಬೇಕಾದರೆ ಪರೀಕ್ಷೆ ಸರಿಯಾಗಿ ನಡೆದಿರಬೇಕು. ಹಿಂದಿನ ಮೂರು ದಿನ ಅನ್ನ, ರೊಟ್ಟಿ, ಮುದ್ದೆಗಳನ್ನು ಎಂದಿನಂತೆ ತಿಂದಿರಬೇಕು. ಪರೀಕ್ಷೆಗೆಂದು ಪಥ್ಯ ಮಾಡಿ ಬಂದವರಲ್ಲಿ ಅಂಕಿ ಹುಸಿಯಾಗಿ ಏರುತ್ತದೆ. ರಾತ್ರಿಯಿಂದ ಎಂಟು ಗಂಟೆಗೆ ಕಡಿಮೆಯಿಲ್ಲದೆ ಉಪವಾಸವಿದ್ದು, ಪಾನೀಯವನ್ನು ಐದು ನಿಮಿಷದೊಳಗೆ ಕುಡಿದು, ಮೊದಲ ಗುಟುಕಿನಿಂದ ಗಡಿಯಾರ ಎಣಿಸಿ, ಕದಲದೆ ಕುಳಿತಿರಬೇಕು. ಪುಡಿಯಲ್ಲೂ ಒಂದು ಸೂಕ್ಷ್ಮವಿದೆ: 75 ಗ್ರಾಂ ಎಂಬುದು ನೀರಿನಂಶವಿಲ್ಲದ ಗ್ಲೂಕೋಸಿನ ತೂಕ, ನೀರಿನ ಅಣುವನ್ನು ಹೊತ್ತ ಮಾನೋಹೈಡ್ರೇಟ್ ಆದರೆ 82.5 ಗ್ರಾಂ ತೂಗಬೇಕು. ರಕ್ತವನ್ನು ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ತೆಗೆದು ಬೇಗ ಪ್ಲಾಸ್ಮಾ ಬೇರ್ಪಡಿಸಬೇಕು. ಸಾದಾ ಟ್ಯೂಬಿನಲ್ಲಿ ಬಿಟ್ಟರೆ ರಕ್ತಕಣಗಳೇ ಗಂಟೆಗೆ ಶೇ 5ರಿಂದ 7ರಷ್ಟು ಸಕ್ಕರೆಯನ್ನು ತಿಂದುಬಿಡುತ್ತವೆ. ಇಡ್ಲಿ ತಿಂದು ಒಂದು ಗಂಟೆಗೆ ಬೆರಳು ಚುಚ್ಚಿ ನೋಡಿದ ಅಂಕಿಗೆ 155ರ ಗಡಿ ಹೊಂದುವುದಿಲ್ಲ.

ಸಕ್ಕರೆಗಿಂತಲೂ ಮೊದಲು ಏರುವುದು ಇನ್ಸುಲಿನ್. ಅಮೆರಿಕದ ವಿಜ್ಞಾನಿಗಳಾದ ಯಾಲೋ ಮತ್ತು ಬರ್ಸನ್ 1960ರ ಹೊತ್ತಿಗೆ ಅದನ್ನು ರಕ್ತದಲ್ಲಿ ಅಳೆಯುವ ದಾರಿ ತೋರಿದ ಮೇಲೆ, ಶಿಕಾಗೊದ ರೋಗವಿಜ್ಞಾನಿ ಜೋಸೆಫ್ ಕ್ರಾಫ್ಟ್ ಅವರು ಗ್ಲೂಕೋಸ್ ಕುಡಿದವರ ಇನ್ಸುಲಿನ್ನನ್ನೂ ಹೊತ್ತುಹೊತ್ತಿಗೆ ಅಳೆದು, ಸಕ್ಕರೆ ಸರಿಯಿದ್ದರೂ ಇನ್ಸುಲಿನ್ ತಡವಾಗಿ ಏರಿ ಹೆಚ್ಚು ಹೊತ್ತು ಇಳಿಯದೆ ಇರುವವರನ್ನು 1975ರಲ್ಲಿ ‘ಅಡಗಿದ ಮಧುಮೇಹ’ದವರೆಂದು ಕರೆದರು. ತರ್ಕ ಗಟ್ಟಿಯಾಗಿದೆ, ಆದರೆ ಒಂದು ಲ್ಯಾಬಿನ ಇನ್ಸುಲಿನ್ ಅಂಕಿ ಇನ್ನೊಂದರ ಜೊತೆ ಹೊಂದುವುದಿಲ್ಲ. ಹೀಗಾಗಿ ಎಲ್ಲರೂ ಒಪ್ಪುವ ಗಡಿಯೊಂದು ಮೂಡಲಿಲ್ಲ. ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ ಏರಿ, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿದಿರುವುದು, ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದಕ್ಕೆ ಸಾಮಾನ್ಯ ಲಿಪಿಡ್ ವರದಿಯಲ್ಲಿಯೇ ಸಿಗುವ ಸುಳಿವು, ಆದರೆ ಅದು ಅನುಮಾನ ಹುಟ್ಟಿಸುವಷ್ಟಕ್ಕೆ ಸಾಕು.

ಒಂದು ಗಂಟೆಯ ಅಂಕಿಗೂ ಮಿತಿಯಿದೆ. ಹೊಟ್ಟೆ ಎಷ್ಟು ಬೇಗ ಖಾಲಿಯಾಗುತ್ತದೆ ಎಂಬುದರ ಮೇಲೆ ಅದು ಒಬ್ಬರಲ್ಲಿಯೇ ದಿನದಿಂದ ದಿನಕ್ಕೆ ಬದಲಾಗುತ್ತದೆ, ಆದ್ದರಿಂದ ಮೇಲಿನ 188 ಇನ್ನೊಂದು ದಿನ 150 ಆಗಿಯೂ ಬರಬಹುದು. ಇದಕ್ಕಿಂತ ದೊಡ್ಡ ಪ್ರಶ್ನೆ ಚಿಕಿತ್ಸೆಯದು. ಚೀನಾದ ಡಾಚಿಂಗ್ ನಗರದ ಅಧ್ಯಯನ, ಅಮೆರಿಕದ ಮಧುಮೇಹ ತಡೆ ಕಾರ್ಯಕ್ರಮ, 2006ರಲ್ಲಿ ಫಲಿತಾಂಶ ಪ್ರಕಟಿಸಿದ ಡಾ. ಎ. ರಾಮಚಂದ್ರನ್ ಅವರ ಭಾರತೀಯ ಅಧ್ಯಯನ, ಇವೆಲ್ಲ ಆಹಾರ ಮತ್ತು ನಡಿಗೆಯಿಂದ ಮಧುಮೇಹವನ್ನು ತಡೆಯಬಹುದೆಂದು ಸಾಬೀತುಪಡಿಸಿದ್ದು ಎರಡು ಗಂಟೆಯ ಸಕ್ಕರೆ 140 ದಾಟಿದವರಲ್ಲಿ. ಒಂದು ಗಂಟೆಯ ಅಂಕಿ ಮಾತ್ರ ಕೆಟ್ಟವರಿಗೆ ಅದೇ ಫಲ ದೊರೆಯುತ್ತದೆ ಎಂಬುದು ಸದ್ಯಕ್ಕೆ ಬಲವಾದ ಊಹೆ. ಅವರನ್ನೇ ಆರಿಸಿಕೊಂಡು ನಡೆಸುವ ದೊಡ್ಡ ಪ್ರಯೋಗದಿಂದ ಅದು ತೀರ್ಮಾನವಾಗಬೇಕಿದೆ.