ಪದ ಪರಿಚಯ: ವಿದೇಶ ವ್ಯಾಸಂಗದ ಬಾಂಡ್‌ನಲ್ಲಿ ‘ಶ್ಯೂರಿಟಿ’

ಸರ್ಕಾರಿ ಹಣದಲ್ಲಿ ವಿದೇಶಕ್ಕೆ ಓದಲು ಹೊರಟವರ ಕಡತದಲ್ಲಿ ಪ್ರವೇಶಪತ್ರ, ವೀಸಾ, ಆದಾಯ ಪ್ರಮಾಣಪತ್ರಗಳ ಜೊತೆಗೆ ಛಾಪಾ ಕಾಗದದ ಮೇಲೆ ಬರೆದ ಒಂದು ಬಾಂಡ್ ಕೂಡ ಇರುವುದುಂಟು. ಓದು ಮುಗಿಸಿ ಭಾರತಕ್ಕೆ ಮರಳುತ್ತೇನೆ, ಇಷ್ಟು ವರ್ಷ ಇಲ್ಲಿ ಸೇವೆ ಸಲ್ಲಿಸುತ್ತೇನೆ, ತಪ್ಪಿದರೆ ಸರ್ಕಾರ ನನ್ನ ಮೇಲೆ ಖರ್ಚು ಮಾಡಿದ್ದನ್ನು ಬಡ್ಡಿ ಸಮೇತ ಕಟ್ಟುತ್ತೇನೆ ಎಂದು ವಿದ್ಯಾರ್ಥಿ ಬರೆದುಕೊಡುವ ಮುಚ್ಚಳಿಕೆ ಅದು. ವಿದ್ಯಾರ್ಥಿಯ ಸಹಿಯ ಕೆಳಗೆ ಇನ್ನೊಬ್ಬರೋ ಇಬ್ಬರೋ ಸಹಿ ಮಾಡುತ್ತಾರೆ. ಇವರೇ ಶ್ಯೂರಿಟಿಗಳು, ಅಂದರೆ ಜಾಮೀನುದಾರರು. ಮಾತು ಕೊಟ್ಟವನು ತಪ್ಪಿದರೆ ಅವನ ಬದಲು ನಾನು ಹೊಣೆ ಎಂದು ಒಪ್ಪುವವರು ಎಂಬುದು 1872ರ ಭಾರತೀಯ ಕರಾರು ಕಾಯ್ದೆಯ 126ನೇ ಕಲಮು ಕೊಡುವ ಅರ್ಥ.

ಸಾಕ್ಷಿ ಬೇರೆ, ಶ್ಯೂರಿಟಿ ಬೇರೆ. ಸಾಕ್ಷಿ ಹಾಕಿದವರು ‘ಇವರು ನನ್ನೆದುರು ಸಹಿ ಮಾಡಿದರು’ ಎಂದಷ್ಟೇ ಹೇಳುತ್ತಾರೆ. ಶ್ಯೂರಿಟಿ ಹಣಕ್ಕೆ ಹೊಣೆಯಾಗುತ್ತಾರೆ. ‘ಸುಮ್ನೆ ಒಂದು ಸೈನ್ ಅಷ್ಟೇ ಮಾವ, ಹೆಸರಿಗೆ’ ಎಂದು ಹೇಳಿ ಸಹಿ ಹಾಕಿಸಿಕೊಂಡು ಹೋಗುವ ರೂಢಿ ನಮ್ಮ ಕಡೆ ಇರುವುದರಿಂದ ಈ ವ್ಯತ್ಯಾಸವನ್ನು ಮೊದಲೇ ಹೇಳಬೇಕಾಗಿದೆ.

ಹಲವರು ತಿಳಿದುಕೊಂಡಿರುವುದು, ಸರ್ಕಾರ ಮೊದಲು ವಿದ್ಯಾರ್ಥಿಯ ಬೆನ್ನು ಹತ್ತಿ, ಅಲ್ಲಿ ಏನೂ ಸಿಗದಿದ್ದರೆ ಮಾತ್ರ ಜಾಮೀನುದಾರರ ಮನೆ ಬಾಗಿಲಿಗೆ ಬರುತ್ತದೆ ಎಂದು. ಕಾನೂನು ಹಾಗಿಲ್ಲ. ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ ಶ್ಯೂರಿಟಿಯ ಹೊಣೆ ವಿದ್ಯಾರ್ಥಿಯ ಹೊಣೆಯಷ್ಟೇ ಎಂದು 128ನೇ ಕಲಮು ಹೇಳುತ್ತದೆ. ಮೂಲ ಸಾಲಗಾರನಿಂದ ವಸೂಲಿ ಮಾಡುವ ದಾರಿಗಳೆಲ್ಲ ಮುಗಿಯುವವರೆಗೆ ಕಾಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1969ರಲ್ಲೇ ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಹೇಳಿದೆ. ಸರ್ಕಾರಿ ಬಾಂಡ್‌ಗಳಲ್ಲಿ ಇದನ್ನು ಬಿಡಿಸಿಯೇ ಬರೆದಿರುತ್ತಾರೆ. ಕೇಂದ್ರ ನೌಕರರು ಅಧ್ಯಯನ ರಜೆಗೆ ಬರೆದುಕೊಡುವ, ಶ್ಯೂರಿಟಿಗಳೂ ಸಹಿ ಮಾಡುವ ಬಾಂಡ್ ನಮೂನೆಯಲ್ಲಿ, ಶ್ಯೂರಿಟಿಗಳ ಮೇಲೆ ದಾವೆ ಹೂಡುವ ಮೊದಲು ನೌಕರನ ಮೇಲೆ ಹೂಡಬೇಕಾದ ಅಗತ್ಯವಿಲ್ಲ ಎಂಬ ಮಾತೇ ಇದೆ. ಹುಡುಗಿ ಮ್ಯಾಂಚೆಸ್ಟರ್‌ನಲ್ಲಿ, ಜಾಮೀನುದಾರರು ತೀರ್ಥಹಳ್ಳಿಯಲ್ಲಿ ಎಂದಾದರೆ ನೋಟಿಸ್ ಯಾರಿಗೆ ಮೊದಲು ತಲುಪುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಶ್ಯೂರಿಟಿಯಾಗಿ ಯಾರನ್ನು ಒಪ್ಪುತ್ತಾರೆ ಎಂಬುದನ್ನು ಆಯಾ ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಸಾಮಾನ್ಯವಾಗಿ ಕಾಯಂ ಸರ್ಕಾರಿ ನೌಕರರನ್ನೋ, ಬಾಂಡ್ ಮೊತ್ತಕ್ಕೆ ಸಾಲುವಷ್ಟು ಆಸ್ತಿ ಇರುವವರನ್ನೋ ಕೇಳುತ್ತಾರೆ. ಆಸ್ತಿಯ ದಾರಿ ಹಿಡಿದರೆ ತಹಶೀಲ್ದಾರರ ಸಾಲ್ವೆನ್ಸಿ ಸರ್ಟಿಫಿಕೇಟ್ ಬೇಕಾಗುತ್ತದೆ. ಮಲೆನಾಡಿನವರು ಹೆಚ್ಚಾಗಿ ಎಡವುವುದು ಇಲ್ಲಿ. ಮೂರು ಎಕರೆ ಅಡಿಕೆ ತೋಟ, ಅದಕ್ಕೆ ಹೊಂದಿಕೊಂಡು ಎಂಟು ಎಕರೆ ಸೊಪ್ಪಿನಬೆಟ್ಟ ಇರುವವರು ತಮ್ಮದು ಹನ್ನೊಂದು ಎಕರೆ ಎಂದೇ ಲೆಕ್ಕ ಹಾಕಿಕೊಂಡು ಹೋಗುತ್ತಾರೆ. ಸೊಪ್ಪಿನಬೆಟ್ಟದ ಮೇಲೆ ತೋಟದವರಿಗೆ ಇರುವುದು ಸೊಪ್ಪು, ದರಕು ತೆಗೆದುಕೊಳ್ಳುವ ಸವಲತ್ತು ಮಾತ್ರ. ಜಮೀನು ಸರ್ಕಾರದ್ದು, ಹಾಗಾಗಿ ಅದು ಲೆಕ್ಕಕ್ಕೆ ಬರುವುದಿಲ್ಲ. ಬಗರ್‌ಹುಕುಂನಲ್ಲಿ ನಮೂನೆ 57 ಕೊಟ್ಟು ಕಾಯುತ್ತಿರುವ ಜಮೀನಿಗೂ ಇದೇ ಮಾತು. ಪರಿಶಿಷ್ಟ ಕುಟುಂಬಕ್ಕೆ ಮಂಜೂರಾದ ಭೂಮಿಯಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಆಗುವಂತಿಲ್ಲ, ಆದ್ದರಿಂದ ಅದೂ ಭದ್ರತೆಗೆ ಒದಗದು.

ಉಳಿದ ಮೂರು ಎಕರೆಯ ಪಹಣಿಯನ್ನು ತೆಗೆದು ನೋಡಿ. 9ನೇ ಕಾಲಂನಲ್ಲಿ ಅಣ್ಣತಮ್ಮಂದಿರ ನಾಲ್ಕು ಹೆಸರು ಜಂಟಿಯಾಗಿದ್ದರೆ, ಸಹಿ ಮಾಡುವವರ ಪಾಲಿನ ಮೌಲ್ಯ ಮಾತ್ರ ಅವರ ಆಸ್ತಿ. 11ನೇ ಕಾಲಂನಲ್ಲಿ ಸೊಸೈಟಿಯ ಬೆಳೆಸಾಲ ಕೂತಿದ್ದರೆ ಅದೂ ಕಳೆಯುತ್ತದೆ. ಪೌತಿ ಖಾತೆಯಾಗದೆ ತೀರಿಹೋದ ತಂದೆಯ ಹೆಸರೇ ಉಳಿದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಇವನ್ನೆಲ್ಲ ಸರಿಪಡಿಸಲು ತಿಂಗಳುಗಳೇ ಬೇಕು, ವಿಶ್ವವಿದ್ಯಾಲಯ ಅಷ್ಟು ದಿನ ಕಾಯುವುದಿಲ್ಲ. ಆದ್ದರಿಂದ ವಿದೇಶದ ಪ್ರವೇಶಕ್ಕೆ ಅರ್ಜಿ ಹಾಕುವಾಗಲೇ ಶ್ಯೂರಿಟಿಯ ಪಹಣಿ, ಖಾತೆಯನ್ನೂ ನೋಡಿಕೊಳ್ಳುವುದು ಒಳ್ಳೆಯದು. ಕುಟುಂಬದ ಆದಾಯಕ್ಕೆ ಮಿತಿ ಹಾಕಿರುವ ಯೋಜನೆಗೆ ಬರುವ ವಿದ್ಯಾರ್ಥಿಯ ಮನೆಯಲ್ಲಿ ಇಷ್ಟು ದೊಡ್ಡ ಮೊತ್ತಕ್ಕೆ ನಿಲ್ಲುವ ಆಸ್ತಿ ಇರುವುದು ಅಪರೂಪ. ಹೊರಗಿನವರ ಋಣಕ್ಕೆ ಬೀಳದೆ ಆ ವಿದ್ಯಾರ್ಥಿ ವಿಮಾನ ಹತ್ತುವಂತಿಲ್ಲ. ಇದು ಈ ಷರತ್ತಿನ ದೊಡ್ಡ ಕೊರತೆ ಎಂದೇ ಹೇಳಬೇಕು.

ಬಾಂಡ್ ಮುರಿದರೆ ಎಷ್ಟು ಕಟ್ಟಬೇಕು ಎಂಬುದು ಮೂರು ಸಾಲುಗಳ ಮೇಲೆ ನಿಂತಿದೆ: ಸಲ್ಲಿಸಿದ ಸೇವೆಗೆ ರಿಯಾಯಿತಿ ಉಂಟೋ, ಬಡ್ಡಿ ಎಂದಿನಿಂದ, ದರ ಎಷ್ಟು. ಲೆಕ್ಕಕ್ಕಾಗಿ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳು ಬ್ರಿಟನ್ನಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಓದಿಗೆ ಹೋಗುತ್ತಾಳೆ. ಶುಲ್ಕ, ಜೀವನ ವೆಚ್ಚ, ವಿಮಾನ ಟಿಕೆಟ್ ಎಲ್ಲ ಸೇರಿ ಸರ್ಕಾರ 35 ಲಕ್ಷ ರೂಪಾಯಿ ಕೊಟ್ಟಿದೆ. ಮರಳಿ ಬಂದು 3 ವರ್ಷ ಸೇವೆ ಮಾಡಬೇಕು. ಒಂದು ವರ್ಷ ಮಾಡಿ, ಮತ್ತೆ ಹೊರಟು ಹೋಗುತ್ತಾಳೆ. ಹಣ ಕೊಟ್ಟು 4 ವರ್ಷವಾದ ಮೇಲೆ ನೋಟಿಸ್ ಬರುತ್ತದೆ, ಅದಾಗಿ ಒಂದು ವರ್ಷಕ್ಕೆ ಹಣ ಕಟ್ಟುತ್ತಾರೆ. ಬಡ್ಡಿ ಶೇ 9, ಸರಳಬಡ್ಡಿ ಎಂದಿಟ್ಟುಕೊಳ್ಳಿ.

ಸಲ್ಲಿಸಿದ ಸೇವೆಯ ಪ್ರಮಾಣದಷ್ಟು ಕಳೆಯಲಾಗುವುದು, ಬಡ್ಡಿ ನೋಟಿಸ್ ದಿನದಿಂದ ಎಂದು ಬಾಂಡ್‌ನಲ್ಲಿದ್ದರೆ ಉಳಿಯುವ ಅಸಲು ಮೂರನೇ ಎರಡು ಭಾಗ, ಅಂದರೆ 23.33 ಲಕ್ಷ. ಒಂದು ವರ್ಷದ ಬಡ್ಡಿ 2.10 ಲಕ್ಷ ಸೇರಿ 25.43 ಲಕ್ಷ. ಅದೇ ಬಾಂಡ್‌ನಲ್ಲಿ ‘ಪೂರ್ಣ ಮೊತ್ತವನ್ನು, ಹಣ ಬಿಡುಗಡೆಯಾದ ದಿನದಿಂದ ಬಡ್ಡಿ ಸಮೇತ’ ಎಂದಿದ್ದರೆ 35 ಲಕ್ಷಕ್ಕೆ 5 ವರ್ಷದ ಬಡ್ಡಿ 15.75 ಲಕ್ಷ ಸೇರಿ 50.75 ಲಕ್ಷ. ತಪ್ಪು ಒಂದೇ ಆದರೂ ಮೊತ್ತ ಎರಡು ಪಟ್ಟಾಯಿತು. ಕೇಂದ್ರದ ಅಧ್ಯಯನ ರಜೆ ನಿಯಮದಲ್ಲಿ ಬಡ್ಡಿ ಬೇಡಿಕೆಯ ದಿನದಿಂದ, ಸರ್ಕಾರಿ ಸಾಲಕ್ಕೆ ಆಗ ಜಾರಿಯಲ್ಲಿರುವ ದರದಲ್ಲಿ ಎಂದಿದೆ. ಎಲ್ಲ ಯೋಜನೆಯಲ್ಲೂ ಹೀಗೇ ಇರುತ್ತದೆಂದು ಎಣಿಸಬಾರದು. ಶ್ಯೂರಿಟಿಯಾಗುವವರು ಸಹಿಗೆ ಮೊದಲು ಈ ಸಾಲುಗಳನ್ನು ಹುಡುಕಿ ಓದಬೇಕು.

ಈಗ ಹುಡುಗಿಯ ಶ್ಯೂರಿಟಿಗಳು ತೋಟವಿರುವ ಸೋದರಮಾವ ಮತ್ತು ಒಬ್ಬ ಹೈಸ್ಕೂಲು ಮೇಷ್ಟ್ರು ಎನ್ನಿ. ಬಾಂಡ್‌ನಲ್ಲಿ ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಎಂದಿದ್ದರೆ ಪೂರ್ತಿ ಮೊತ್ತವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು. ಕೋರ್ಟಿನ ಡಿಕ್ರಿ ಮೂಲಕ ಸಂಬಳ ಜಪ್ತಿ ಮಾಡುವುದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಮಿತಿ ಇದೆ. ಮೊದಲ 1,000 ರೂಪಾಯಿಯನ್ನೂ ಉಳಿದದ್ದರಲ್ಲಿ ಮೂರನೇ ಎರಡು ಭಾಗವನ್ನೂ ಮುಟ್ಟುವಂತಿಲ್ಲ. ಮೇಷ್ಟ್ರ ಲೆಕ್ಕಕ್ಕೆ ಬರುವ ಸಂಬಳ 61,000 ಇದ್ದರೆ ತಿಂಗಳಿಗೆ 20,000 ಜಪ್ತಿಯಾಗಬಹುದು. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮೀರುವಂತಿಲ್ಲ. ಅಲ್ಲಿಗೆ ಸಂಬಳದಿಂದ ಬರುವುದು 4.80 ಲಕ್ಷ. ಉಳಿದದ್ದು ಆಸ್ತಿಯ ಮೇಲೆ ಬರುತ್ತದೆ, ಹೆಚ್ಚಿನ ಭಾರ ಮಾವನ ತೋಟಕ್ಕೆ. ‘ಭೂಕಂದಾಯದ ಬಾಕಿಯಂತೆ ವಸೂಲಿ’ ಎಂಬ ಷರತ್ತು ಇದ್ದು, ಕಾನೂನು ಅದಕ್ಕೆ ಅವಕಾಶ ಕೊಟ್ಟಿದ್ದರೆ ಕಂದಾಯ ಇಲಾಖೆಯೇ ನೋಟಿಸ್, ಜಪ್ತಿ, ಹರಾಜಿನ ಕ್ರಮಕ್ಕೆ ಇಳಿಯಬಹುದು. ಹಾಗೆ ಕಟ್ಟಿದ ಮಾವ ಕರಾರು ಕಾಯ್ದೆಯಂತೆ ಸಹ ಜಾಮೀನುದಾರರಿಂದ ಸಮಪಾಲನ್ನೂ (146ನೇ ಕಲಮು), ಸೊಸೆಯಿಂದ ತಾನು ಕಟ್ಟಿದ ಅಷ್ಟನ್ನೂ (145) ಕೇಳಬಹುದು. ಕಾಗದದ ಮೇಲೆ ಹಕ್ಕು ಗಟ್ಟಿ, ಆದರೆ ಪರದೇಶದಲ್ಲಿರುವ ಸೊಸೆಯಿಂದ ವಸೂಲಿ ಮಾಡುವುದು ಸುಲಭವಲ್ಲ.

‘ಇಷ್ಟು ದೊಡ್ಡ ದಂಡ ಕೋರ್ಟಿನಲ್ಲಿ ನಿಲ್ಲುವುದಿಲ್ಲ’ ಎಂದು ಧೈರ್ಯ ಹೇಳುವವರಿದ್ದಾರೆ. ಅರ್ಧ ನಿಜ. ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರವನ್ನು ಕೋರ್ಟ್ ನಿರ್ಧರಿಸುತ್ತದೆ. ಆದರೆ ಅದೇ ಕಲಮಿನ ವಿನಾಯಿತಿಯಲ್ಲಿ, ಸರ್ಕಾರದ ಆದೇಶದಂತೆ ಸಾರ್ವಜನಿಕ ಹಿತದ ಕೆಲಸಕ್ಕೆ ಬರೆದುಕೊಟ್ಟ ಬಾಂಡ್ ಮುರಿದರೆ ಪೂರ್ತಿ ಮೊತ್ತ ಕಟ್ಟಬೇಕು ಎಂದಿದೆ. ಸರ್ಕಾರದೊಡನೆ ಮಾಡಿಕೊಂಡ ಎಲ್ಲ ಕರಾರೂ ಈ ವಿನಾಯಿತಿಗೆ ಸೇರುವುದಿಲ್ಲ ಎಂಬ ವಿವರಣೆಯೂ ಅಲ್ಲೇ ಇದೆ. ಹಾಗಾಗಿ ವಾದಕ್ಕೆ ಜಾಗವಿದೆ, ಖಾತ್ರಿ ಇಲ್ಲ. ಸೇವಾ ಬಾಂಡ್‌ಗಳ ಬಗ್ಗೆ ಈಚಿನ ತೀರ್ಪುಗಳು ಬರೆದುಕೊಟ್ಟವರ ಪರವಾಗಿಲ್ಲ: 2019ರಲ್ಲಿ ವೈದ್ಯರ ಕಡ್ಡಾಯ ಸೇವಾ ಬಾಂಡ್ ಅನ್ನೂ, 2025ರಲ್ಲಿ ವಿಜಯಾ ಬ್ಯಾಂಕ್ ನೌಕರರ 3 ವರ್ಷದ, 2 ಲಕ್ಷ ರೂಪಾಯಿಯ ಬಾಂಡ್ ಅನ್ನೂ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಇನ್ನೊಂದು ನಿರೀಕ್ಷೆ, ವರ್ಷ ಕಳೆದರೆ ಮರೆತುಹೋಗುತ್ತದೆ ಎಂಬುದು. ಖಾಸಗಿ ಕರಾರಿಗೆ ದಾವೆಯ ಅವಧಿ ಸಾಮಾನ್ಯವಾಗಿ 3 ವರ್ಷ. ಸರ್ಕಾರ ಹೂಡುವ ದಾವೆಗೆ 1963ರ ಲಿಮಿಟೇಷನ್ ಕಾಯ್ದೆ 30 ವರ್ಷ ಕೊಟ್ಟಿದೆ. ಶ್ಯೂರಿಟಿ ತೀರಿಹೋದರೂ, ಅವರಿಂದ ಬಂದ ಆಸ್ತಿಯ ಮಟ್ಟಿಗೆ ವಾರಸುದಾರರು ಉತ್ತರ ಕೊಡಬೇಕಾಗಬಹುದು.

ಶ್ಯೂರಿಟಿಗೆ ಕಾನೂನು ಕೊಟ್ಟಿರುವ ಒಂದು ಒಳ್ಳೆಯ ರಕ್ಷಣೆ 133ನೇ ಕಲಮು. ತನ್ನ ಒಪ್ಪಿಗೆಯಿಲ್ಲದೆ ಮೂಲ ಕರಾರನ್ನು ಬದಲಿಸಿದರೆ, ಆ ಬದಲಾವಣೆಯ ನಂತರದ ವ್ಯವಹಾರಕ್ಕೆ ಶ್ಯೂರಿಟಿ ಹೊಣೆಯಲ್ಲ. ಸ್ನಾತಕೋತ್ತರಕ್ಕೆ ಹೋದವಳು ಅಲ್ಲೇ ಪಿಎಚ್‌ಡಿಗೆ ಮುಂದುವರಿದು ಹೆಚ್ಚುವರಿ ಹಣ ಪಡೆದರೆ, ಆ ಹಣಕ್ಕೆ ಹಳೆಯ ಸಹಿ ಸಾಲದು ಎಂದು ವಾದಿಸಬಹುದು. ಇದನ್ನು ತಿಳಿದೇ ಹಲವು ಬಾಂಡ್‌ಗಳಲ್ಲಿ, ಕಾಲಾವಕಾಶ ಕೊಟ್ಟರೂ ರಿಯಾಯಿತಿ ತೋರಿದರೂ, ಶ್ಯೂರಿಟಿಗೆ ತಿಳಿಸದೆ ಇದ್ದರೂ ಹೊಣೆ ತಪ್ಪದು ಎಂದು ಮುಂಚಿತವಾಗಿಯೇ ಬರೆಸಿಕೊಳ್ಳುತ್ತಾರೆ. ಹೊಣೆಯನ್ನು ಒಂದು ಗೊತ್ತಾದ ಮೊತ್ತಕ್ಕೆ ಸೀಮಿತಗೊಳಿಸುವಂತೆ ಕೇಳುವುದಿದ್ದರೆ ಸಹಿಗೆ ಮೊದಲೇ ಕೇಳಬೇಕು.

ಮರಳುವುದು ತಡವಾಗುವ ಹಾಗಿದ್ದರೆ ಅವಧಿ ಮುಗಿಯುವ ಮೊದಲೇ ಕಾರಣ, ದಾಖಲೆಗಳೊಂದಿಗೆ ಇಲಾಖೆಗೆ ಲಿಖಿತವಾಗಿ ಅನುಮತಿ ಕೇಳಿ, ಅದರ ಪ್ರತಿಯನ್ನು ಶ್ಯೂರಿಟಿಗಳಿಗೂ ಕಳಿಸಬೇಕು. ಮೌನವಾಗಿ ಉಳಿದರೆ ಕಡತದಲ್ಲಿ ಅದು ‘ಷರತ್ತು ಉಲ್ಲಂಘನೆ’ ಎಂದೇ ದಾಖಲಾಗುತ್ತದೆ. ಸೇವೆ ಪೂರ್ತಿಯಾದ ಮೇಲೆ ಸೇವಾ ಪ್ರಮಾಣಪತ್ರ ಸಲ್ಲಿಸಿ ಬಾಂಡ್ ವಿಮೋಚನೆಯ ಪತ್ರ ಪಡೆಯಬೇಕು. ಅದರಲ್ಲಿ ವಿದ್ಯಾರ್ಥಿಯ ಹೆಸರಷ್ಟೇ ಅಲ್ಲ, ಇಬ್ಬರು ಶ್ಯೂರಿಟಿಗಳ ಹೆಸರು ಮತ್ತು ಬಾಂಡ್‌ನ ದಿನಾಂಕ ಇದೆಯೇ ನೋಡಿ. ಆಸ್ತಿಯ ಮೂಲ ದಾಖಲೆ ಇಟ್ಟಿದ್ದರೆ ವಾಪಸ್ ಪಡೆದು, ಪಹಣಿಯಲ್ಲಿ ಋಣ ದಾಖಲಾಗಿದ್ದರೆ ತೆಗೆಸಿ, ವಿಮೋಚನಾ ಪತ್ರದ ಒಂದೊಂದು ಪ್ರತಿಯನ್ನು ಮಾವನಿಗೂ ಮೇಷ್ಟ್ರಿಗೂ ಕೊಡಬೇಕು.